ಬರಬೇಕಾದದ್ದು, ಬಂದದ್ದು

ಹುಬ್ಬಳ್ಳಿಯ ಕೆಲಸ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ ದಿನ ಆಯಿ ಕೇಳಿದ್ದು ಎರಡೇ ಪ್ರಶ್ನೆ. "ಬಿಟ್ಟು ಎಂತ ಮಾಡ್ತೆ ಕೂಸೆ?" ಅಂದಳು. ಅಕೌಂಟ್ಸ್ ಕೆಲಸವನ್ನೇ ಸ್ವಂತಕ್ಕೆ ಮಾಡ್ತಿ ಅಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಯಾರಿಗೆ?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರಿಗೆ ಬೇಕೋ ಅವರಿಗೆ ಅಂತ ಏನೋ ಹೇಳಿದೆ. ಆದರೆ ಆ "ಯಾರಿಗೆ" ಅನ್ನೋದು ಮುಂದೆ ಹತ್ತು ತಿಂಗಳು ನನ್ನ ತಲೆಯಲ್ಲೇ ಕೂತಿತ್ತು. ಕೆಲಸ ಬಿಡುವ ಯೋಚನೆಯಲ್ಲಿರುವ ಗೆಳತಿಯರು ಈಗ ನನ್ನನ್ನು ಕೇಳುವುದು "ಏನು ಮಾಡಬಹುದು" ಅಂತ. ನಾನು ತಿರುಗಿ ಕೇಳುವುದು ಆಯಿಯ ಪ್ರಶ್ನೆಯನ್ನೇ.

ಎಂಟು ವರ್ಷ ನಾನು ವಾಹನದ ಬಿಡಿಭಾಗಗಳ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದೆ. ಕೊನೆಗೆ ಸಂಬಳ ಮೂವತ್ತೆರಡು ಸಾವಿರ. ಶಿರಸಿಗೆ ವಾಪಸ್ ಬರಬೇಕಿತ್ತು, ಮನೆಯ ಕಾರಣಕ್ಕೆ. ಅದರ ವಿವರ ಇಲ್ಲಿ ಬೇಡ.

ಎರಡು ಸಲ ತಪ್ಪಿದ್ದು

ಮೊದಲು ಎಲ್ಲರ ಹಾಗೆ ನಾನೂ ಫ್ರೀಲಾನ್ಸ್ ವೆಬ್‌ಸೈಟಿನಲ್ಲಿ ಪ್ರೊಫೈಲ್ ಮಾಡಿದೆ. "ಬುಕ್‌ಕೀಪಿಂಗ್" ಅಂತ ಹುಡುಕಿದರೆ ಅಲ್ಲಿ ಕೆಲಸಕ್ಕೆ ಬರವೇ ಇಲ್ಲ. ಆದರೆ ಆ ಕೆಲಸಗಳನ್ನು ಒಂದೊಂದಾಗಿ ತೆರೆದು ಓದಿದಾಗ ಗೊತ್ತಾಯಿತು, ಕೇಳುವವರು ಹೆಚ್ಚಿನಂಶ ಹೊರದೇಶದವರು. ಅವರಿಗೆ ಬೇಕಾದದ್ದು ಅವರ ದೇಶದ ತೆರಿಗೆ ಗೊತ್ತಿರುವವರು, ಕ್ವಿಕ್‌ಬುಕ್ಸ್ ಅಥವಾ ಝೀರೋ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಕೈ ಪಳಗಿದವರು. ನನಗೆ ಗೊತ್ತಿದ್ದದ್ದು ಟ್ಯಾಲಿ ಮತ್ತು ಜಿಎಸ್‌ಟಿ. ಕಲಿಯಬಹುದಿತ್ತು, ನಿಜ. ಆದರೆ ಕಲಿತು ಮುಗಿಸಿದ ದಿನ ನಾನು ಆ ಸಾಲಿನಲ್ಲಿ ಕೊನೆಯವಳಾಗಿ ನಿಲ್ಲುತ್ತಿದ್ದೆ. ನನ್ನ ಎಂಟು ವರ್ಷಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಬೇಡಿಕೆ ಇತ್ತು, ನನ್ನ ಕೈಯಲ್ಲಿದ್ದ ಕೆಲಸಕ್ಕೆ ಮಾತ್ರ ಅದು ಹೊಂದುತ್ತಿರಲಿಲ್ಲ.

ಆಮೇಲೆ ಊರಿನ ಕಡೆ ತಿರುಗಿದೆ. ಶಿರಸಿಯ ಅಂಗಡಿಗಳಿಗೆ ಲೆಕ್ಕ ಬರೆದು ಕೊಡೋಣ ಅಂತ ಒಂದು ಶನಿವಾರ ಪೇಟೆಯಲ್ಲಿ ಹತ್ತು ಹನ್ನೆರಡು ಕಡೆ ಕೇಳಿ ಬಂದೆ. ಎಲ್ಲರಿಗೂ ಒಬ್ಬ ತೆರಿಗೆ ಸಲಹೆಗಾರರು ಇದ್ದರು. ಹತ್ತು ಹದಿನೈದು ವರ್ಷದ ಪರಿಚಯ, ತಿಂಗಳಿಗೆ ಐನೂರೋ ಸಾವಿರವೋ. ಅಡಿಕೆ ಬೆಳೆಗಾರರ ವಿಷಯವನ್ನೂ ಯೋಚಿಸಿದೆ. ಆದರೆ ನಮ್ಮ ಕಡೆ ಅಡಿಕೆ ಸೊಸೈಟಿಗೆ ಹೋಗುತ್ತದೆ. ತೂಕ, ದರ, ಕಡಿತ, ಸಾಲದ ಬಾಕಿ ಎಲ್ಲ ಬರೆದ ಚೀಟಿ ಸೊಸೈಟಿಯಿಂದಲೇ ಮನೆಗೆ ಬರುತ್ತದೆ. ನಾನು ಮಾಡಬೇಕೆಂದಿದ್ದ ಕೆಲಸವನ್ನು ಸೊಸೈಟಿ ಆಗಲೇ ಮಾಡುತ್ತಿದೆ, ಅದೂ ಬೆಳೆಗಾರರು ನಂಬುವ ಹಾಗೆ. ಇಲ್ಲಿ ನನ್ನ ಕೌಶಲ ಸರಿಯಾಗಿತ್ತು, ಜಾಗ ಖಾಲಿ ಇರಲಿಲ್ಲ.

ಈ ಎರಡು ತಪ್ಪಿನ ನಡುವೆ ನನಗೆ ಹೊಳೆದದ್ದು ಒಂದು. ನಾನು ಎರಡೂ ಕಡೆ "ಅಕೌಂಟೆಂಟ್" ಅನ್ನುವ ಹುದ್ದೆಯ ಹೆಸರನ್ನೇ ಮಾರಲು ಹೋಗಿದ್ದೆ. ಹುದ್ದೆಯ ಹೆಸರು ಸಂಬಳ ಕೊಡುವವರಿಗೆ ಅರ್ಥ ಆಗುತ್ತದೆ. ಹೊರಗಿನವರು ದುಡ್ಡು ಕೊಡುವುದು ಒಂದು ನಿರ್ದಿಷ್ಟ ಕೆಲಸಕ್ಕೆ.

ಮೇಜಿನ ಮೇಲೆ ಏನಿತ್ತು

ಹಾಗಾಗಿ ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದೇನೆ ಅಂತ ಒಂದು ಸಾಲು ಬರೆದೆ. "ಅಕೌಂಟ್ಸ್" ಅಂತ ಬರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. "ಖರೀದಿ ಬಿಲ್ ಎಂಟ್ರಿ", "ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದೆ", "ಕಂಪನಿಗೆ ಫೋನ್ ಮಾಡಿ ಕ್ರೆಡಿಟ್ ನೋಟ್ ಕೇಳಿದೆ", ಹೀಗೆ. ಅದರ ಪಕ್ಕದಲ್ಲಿ ಇನ್ನೊಂದು ಗುರುತು ಹಾಕುತ್ತಿದ್ದೆ. ಈ ಕೆಲಸ ನನ್ನ ಮೇಜಿಗೆ ತಾನಾಗಿ ಬಂತಾ, ಅಥವಾ ಬೇರೆಯವರು ಕೈಲಾಗದೆ ತಂದು ಕೊಟ್ಟರಾ?

ಆ ಗುರುತೇ ಮುಖ್ಯವಾಯಿತು. ಬಿಲ್ ಎಂಟ್ರಿ ಎಲ್ಲರೂ ಮಾಡುತ್ತಾರೆ. ಆದರೆ ಒಂದು ಕೆಲಸವನ್ನು ಮಾತ್ರ ಎಲ್ಲರೂ ಎತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಬಿಡಿಭಾಗದ ಕಂಪನಿಗಳು ಸ್ಕೀಮ್ ಘೋಷಿಸುತ್ತವೆ, ಇಷ್ಟು ಮಾರಿದರೆ ಇಷ್ಟು ವಾಪಸ್ ಅಂತ. ಆ ದುಡ್ಡು ಮೂರು ತಿಂಗಳ ಮೇಲೆ ಕ್ರೆಡಿಟ್ ನೋಟ್ ಆಗಿ ಬರುತ್ತದೆ. ಹೇಳಿದಷ್ಟು ಬರುವುದೇ ಕಡಿಮೆ. ಯಾವ ಬಿಲ್ಲಿಗೆ ಬಂತು, ಯಾವುದಕ್ಕೆ ಬರಲಿಲ್ಲ, ಯಾಕೆ ಕಡಿಮೆ ಬಂತು ಎಂದು ಸಾಲು ಸಾಲಾಗಿ ಹೊಂದಿಸಿ ಕಂಪನಿಗೆ ಇಮೇಲ್ ಬರೆದು ವಸೂಲಿ ಮಾಡುವುದು ನನ್ನ ಕೆಲಸವಾಗಿತ್ತು. ನನಗೆ ಅದು ಅಷ್ಟೇನೂ ದೊಡ್ಡದು ಅನಿಸಿರಲೇ ಇಲ್ಲ. ಬರಬೇಕಾದದ್ದು, ಬಂದದ್ದು, ನಡುವಿನ ವ್ಯತ್ಯಾಸಕ್ಕೆ ಕಾರಣ. ಎಂಟು ವರ್ಷದಲ್ಲಿ ನಾನು ನಿಜವಾಗಿ ಕಲಿತದ್ದು ಈ ಮೂರು ಕಾಲಮ್ಮು.

ಈಗ ಪ್ರಶ್ನೆ ಬದಲಾಯಿತು. ನಮ್ಮ ಜಿಲ್ಲೆಯಲ್ಲಿ ಬೇರೆಯವರು ಕಡಿತ ಮಾಡಿಕೊಂಡು ಕಳಿಸುವ ದುಡ್ಡನ್ನು ನಂಬಿ ಬದುಕುವವರು ಯಾರು?

ಗೋಕರ್ಣದ ಜಗಲಿ

ಉತ್ತರ ಸಿಕ್ಕಿದ್ದು ಗೋಕರ್ಣದಲ್ಲಿ, ಅದೂ ಬೇರೆ ಕೆಲಸಕ್ಕೆ ಹೋದಾಗ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋಗಿದ್ದೆವು. ಉಳಿದದ್ದು ಪರಿಚಯದವರೊಬ್ಬರ ಹೋಮ್‌ಸ್ಟೇಯಲ್ಲಿ. ಎಂಟು ರೂಮು, ಹಿಂದೆ ತೆಂಗಿನ ತೋಟ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಮಾತಾಡುವಾಗ ಮಾಲೀಕರು, "ತಂಗಿ, ನೀನು ಲೆಕ್ಕದವಳಲ್ವಾ, ಇದನ್ನು ಒಂಚೂರು ನೋಡು" ಅಂತ ಫೋನ್ ಕೊಟ್ಟರು. ಬುಕಿಂಗ್ ಆ್ಯಪ್‌ನಿಂದ ಬ್ಯಾಂಕಿಗೆ ಬಂದ ಒಂದು ಮೊತ್ತ, 31,406 ರೂಪಾಯಿ. ಏಳೋ ಎಂಟೋ ಬುಕಿಂಗಿನ ದುಡ್ಡು ಒಟ್ಟಿಗೆ ಬಂದಿತ್ತು. "ಇದು ಯಾರ್ಯಾರದ್ದು ಅಂತ ನಂಗೆ ಗೊತ್ತಿಲ್ಲ. ಬಂತಲ್ಲ ಅಂತ ಸುಮ್ನಿರ್ತೆ. ಕಮ್ಮಿ ಕೊಡ್ತಾರೆ ಅನ್ನೋದು ಮಾತ್ರ ಗೊತ್ತು" ಅಂದರು.

"ಹೋದ ತಿಂಗಳು ಇದನ್ನು ಹೇಗೆ ಬರೆದಿಟ್ಟಿದ್ದೀರಿ ಅಣ್ಣ, ತೋರಿಸ್ತೀರಾ?" ಅಂದೆ. ಒಳಗಿಂದ ಒಂದು ಡೈರಿ ಬಂತು. ಒಂದು ಪುಟದಲ್ಲಿ ಬಂದು ಹೋದವರ ಹೆಸರು, ಇನ್ನೊಂದು ಪುಟದಲ್ಲಿ ಬ್ಯಾಂಕಿಗೆ ಬಂದ ಮೊತ್ತ. ಎರಡರ ನಡುವೆ ಸಂಬಂಧವೇ ಇಲ್ಲ. ಆ ಡೈರಿಯನ್ನು ನೋಡುತ್ತಾ ನನಗೆ ನನ್ನ ಕ್ರೆಡಿಟ್ ನೋಟುಗಳೇ ನೆನಪಾದವು. ವಸ್ತು ಬೇರೆ, ಗಂಟು ಒಂದೇ.

ಒಂದು ಬುಕಿಂಗ್ ತೆಗೆದು ಹೇಳುತ್ತೇನೆ. ರೂಮಿಗೆ ದಿನಕ್ಕೆ 2,500, ಎರಡು ರಾತ್ರಿ, ಒಟ್ಟು 5,000. ಈ ದರದ ರೂಮಿಗೆ ಈಗ ಜಿಎಸ್‌ಟಿ ಶೇಕಡಾ 5, ಅಂದರೆ 250. ಅತಿಥಿ ಆ್ಯಪಿಗೆ ಕಟ್ಟಿದ್ದು 5,250. ಇವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ಇದೆ, ಆ 250 ಇವರ ಕೈಗೇ ಬಂದು ಇವರೇ ಸರ್ಕಾರಕ್ಕೆ ಕಟ್ಟಬೇಕು. ಈಗ ಕಡಿತ. ಇವರ ಒಪ್ಪಂದದಲ್ಲಿ ಕಮಿಷನ್ ಶೇಕಡಾ 18, ಅದು 900. ಕಮಿಷನ್ನಿನ ಮೇಲೆ ಮತ್ತೆ ಶೇಕಡಾ 18 ಜಿಎಸ್‌ಟಿ, 162. ಜಿಎಸ್‌ಟಿ ಲೆಕ್ಕಕ್ಕೆ ಆ್ಯಪ್‌ನವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟಿಸಿಎಸ್ ಶೇಕಡಾ 0.5, ಅಂದರೆ 25. ಆದಾಯ ತೆರಿಗೆಯ ಟಿಡಿಎಸ್ ಶೇಕಡಾ 0.1, ಅಂದರೆ 5. ಎಲ್ಲ ಕಳೆದು ಬ್ಯಾಂಕಿಗೆ ಬರುವುದು 4,158. ನಾನು ಆವತ್ತು ರಾತ್ರಿಯೇ ಶೀಟಿನಲ್ಲಿ ಬರೆದ ಸೂತ್ರ ಇದು. B ಕಾಲಮ್ಮಿನಲ್ಲಿ ರೂಮಿನ ಬಾಡಿಗೆ, C ಯಲ್ಲಿ ಕಮಿಷನ್ ದರ, 18% ಅಂತ.

```
=B2*1.05 - B2*C2*1.18 - B2*0.005 - B2*0.001
```

ಸೂತ್ರ ಹೇಳುವುದು ಬರಬೇಕಾದದ್ದನ್ನು. ಪಕ್ಕದ ಕಾಲಮ್ಮಿನಲ್ಲಿ ಬಂದದ್ದನ್ನು ಬರೆದರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ನೋಂದಣಿ ಇಲ್ಲದ ಸಣ್ಣ ಹೋಮ್‌ಸ್ಟೇಗಳಿಗೆ ಸೂತ್ರ ಬೇರೆ. ಅಲ್ಲಿ ರೂಮಿನ ಜಿಎಸ್‌ಟಿಯನ್ನು ಆ್ಯಪ್‌ನವರೇ ಸರ್ಕಾರಕ್ಕೆ ಕಟ್ಟುತ್ತಾರೆ, ಆ 250 ಇವರ ಕೈಗೆ ಬರುವುದೇ ಇಲ್ಲ.

ಲೆಕ್ಕ ಇಷ್ಟೇ. ತಪ್ಪು ಎಲ್ಲಿ ಆಗುತ್ತದೆ ಎಂದರೆ, ಮಾಲೀಕರು 4,158 ನ್ನೇ ತಮ್ಮ ಆದಾಯ ಅಂತ ಬರೆದುಕೊಳ್ಳುತ್ತಾರೆ. ರಿಟರ್ನಿನಲ್ಲಿ ಅದನ್ನೇ ತೋರಿಸಿದರೆ ಕಷ್ಟ. ಆ್ಯಪ್‌ನವರು ತಾವು ಸಲ್ಲಿಸುವ ರಿಟರ್ನ್ ಜಿಎಸ್‌ಟಿಆರ್-8 ರಲ್ಲಿ ಇದೇ ಬುಕಿಂಗನ್ನು 5,000 ಅಂತ ತೋರಿಸಿರುತ್ತಾರೆ. ಎರಡೂ ಹೊಂದುವುದಿಲ್ಲ, ಆಮೇಲೆ ವಿವರಣೆ ಕೇಳಿ ನೋಟಿಸ್ ಬರಬಹುದು. ಇನ್ನು ಕಡಿತವಾದ ಆ 25 ಮತ್ತು 5 ರೂಪಾಯಿ ಇವರದ್ದೇ ದುಡ್ಡು. ಟಿಸಿಎಸ್ ಬೇಕೆಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ಅನ್ನುವ ಕಡೆ ಹೋಗಿ ಒಪ್ಪಿ ಸಲ್ಲಿಸಬೇಕು, ಆಗ ಅದು ಕ್ಯಾಶ್ ಲೆಡ್ಜರ್‌ಗೆ, ಅಂದರೆ ಪೋರ್ಟಲ್‌ನಲ್ಲಿ ತೆರಿಗೆ ಕಟ್ಟಲು ಇರುವ ಖಾತೆಗೆ, ಬರುತ್ತದೆ. ಅವರ ಪೋರ್ಟಲ್‌ನಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ.

ಮುಂದಿನ ಎರಡು ಭಾನುವಾರ ಕೂತು ಅವರ ಆರು ತಿಂಗಳ ಬುಕಿಂಗ್ ಹೊಂದಿಸಿದೆ. ಮೂರು ಬುಕಿಂಗಿನ ದುಡ್ಡು ಬಂದೇ ಇರಲಿಲ್ಲ, ಒಟ್ಟು ಸುಮಾರು ಹನ್ನೆರಡು ಸಾವಿರ. ನಡುವೆ ಬ್ಯಾಂಕ್ ಖಾತೆ ಬದಲಿಸಿದಾಗ ಅವು ತಿರುಗಿ ಹೋಗಿದ್ದವು. ಅದನ್ನು ಬುಕಿಂಗ್ ಸಂಖ್ಯೆ ಸಮೇತ ಬರೆದು ಕೇಳಿದಾಗ ಸಿಕ್ಕಿತು. ಇನ್ನೊಂದು ಬಗೆಯ ಸೋರಿಕೆ, ಅತಿಥಿ ಬಂದು ಹೋಟೆಲಿನಲ್ಲೇ ದುಡ್ಡು ಕೊಡುವ ಬುಕಿಂಗ್. ಅದಕ್ಕೆ ಕಮಿಷನ್ ಬಿಲ್ ತಿಂಗಳ ಕೊನೆಗೆ ಬರುತ್ತದೆ. ಹನ್ನೊಂದು ಮಂದಿ ಬಂದೇ ಇರಲಿಲ್ಲ, ಆದರೂ ಕಮಿಷನ್ ಬಿದ್ದಿತ್ತು. ಅತಿಥಿ ಬಂದಿಲ್ಲ ಎಂದು ಆ್ಯಪಿನಲ್ಲಿ ಗುರುತು ಹಾಕಲು ಕೆಲವೇ ದಿನ ಇರುತ್ತದೆ, ಇವರು ಹಾಕಿರಲಿಲ್ಲ. ಅದರಲ್ಲಿ ಎರಡು ಮಾತ್ರ ವಾಪಸ್ ಆಯಿತು, ಉಳಿದದ್ದು ಹೋಯಿತು. ಆದರೆ ಮುಂದಿನ ತಿಂಗಳಿಂದ ಹೋಗದ ಹಾಗೆ ಮಾಡಬಹುದಲ್ಲ. ಈ ಕೆಲಸ ತಿಂಗಳು ತಿಂಗಳೂ ಬೇಕು ಅಂತ ನನಗೆ ಗಟ್ಟಿಯಾದದ್ದು ಅಲ್ಲಿ.

"ಅಡ್ಡಿಲ್ಲ" ಅಂದರೆ ಒಪ್ಪಿಗೆ ಅಲ್ಲ

ಒಬ್ಬರಿಗೆ ಬೇಕು ಅನ್ನುವುದು ಬೇಡಿಕೆ ಆಗುವುದಿಲ್ಲ. ಇದನ್ನು ಪರೀಕ್ಷೆ ಮಾಡಲು ಮುಂದಿನ ಮೂರು ತಿಂಗಳು ರಜಾ ದಿನಗಳಲ್ಲಿ ಗೋಕರ್ಣ, ಕುಮಟಾ, ಮುರ್ಡೇಶ್ವರ, ದಾಂಡೇಲಿ ಸುತ್ತಿದೆ. ಮೊದಲ ಏಳೆಂಟು ಕಡೆ ನಾನು ತಪ್ಪು ಪ್ರಶ್ನೆ ಕೇಳಿದೆ. "ಹೀಗೆ ಒಂದು ಸೇವೆ ಇದ್ದರೆ ಉಪಯೋಗ ಆಗುತ್ತದಾ?" ಅಂದೆ. ಎಲ್ಲರೂ ಅಡ್ಡಿಲ್ಲ ಅಂದರು. ನಮ್ಮ ಕಡೆಯವರಿಗೆ ಗೊತ್ತು, ಅಡ್ಡಿಲ್ಲ ಅನ್ನುವ ಮಾತಿನಲ್ಲಿ ಹೌದೂ ಇರುತ್ತದೆ, ಬೇಡವೂ ಇರುತ್ತದೆ, ಎದುರಿನವರ ಮನಸ್ಸು ನೋಯಿಸಬಾರದು ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಒಂದು ತಿಂಗಳ ಮೇಲೆ ಅವರಿಗೆ ಫೋನ್ ಮಾಡಿದರೆ ಒಬ್ಬರೂ ಸ್ಟೇಟ್‌ಮೆಂಟ್ ಕಳಿಸಲಿಲ್ಲ.

ಆಮೇಲೆ ಜಗಲಿಯ ಪ್ರಶ್ನೆಗೇ ವಾಪಸ್ ಹೋದೆ. "ಹೋದ ತಿಂಗಳು ಹೇಗೆ ಬರೆದಿಟ್ಟಿದ್ದೀರಿ, ತೋರಿಸ್ತೀರಾ?" ಅಂದರೆ ಜನ ಅಭಿಪ್ರಾಯ ಹೇಳುವುದಿಲ್ಲ, ವಸ್ತುವನ್ನೇ ತಂದು ತೋರಿಸುತ್ತಾರೆ. ಒಬ್ಬರು ಎಕ್ಸೆಲ್ ತೋರಿಸಿದರು, ಚೆನ್ನಾಗಿ ಇಟ್ಟಿದ್ದರು, ಅವರಿಗೆ ನಾನು ಬೇಡ. ಇನ್ನೊಬ್ಬರು ಇದಕ್ಕಾಗಿಯೇ ಹುಡುಗನೊಬ್ಬನಿಗೆ ತಿಂಗಳಿಗೆ ಮೂರು ಸಾವಿರ ಕೊಡುತ್ತಿದ್ದರು, ಆದರೂ ಹೊಂದುತ್ತಿರಲಿಲ್ಲ. ಬೇಡಿಕೆಗೆ ಇದಕ್ಕಿಂತ ಗಟ್ಟಿ ಗುರುತು ನನಗೆ ಸಿಕ್ಕಿಲ್ಲ. ಆಗಲೇ ದುಡ್ಡು ಖರ್ಚಾಗುತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ. ಮಾತಿನ ಕೊನೆಗೆ ಒಂದು ತಿಂಗಳ ಲೆಕ್ಕ ಹೊಂದಿಸಿ ಕೊಡುತ್ತೇನೆ, ಐನೂರು ಮುಂಗಡ ಕೊಡಿ ಅನ್ನುತ್ತಿದ್ದೆ. ಕೇಳುವಾಗ ನಾಲಿಗೆ ತಡವರಿಸುತ್ತಿತ್ತು. ಆದರೆ ಆ ಐನೂರು ಕೊಟ್ಟವರು ಸ್ಟೇಟ್‌ಮೆಂಟ್ ಕೂಡ ಕಳಿಸಿದರು. ಇಪ್ಪತ್ತಾರು ಜನರಲ್ಲಿ ಏಳು ಮಂದಿ ಕೊಟ್ಟರು, ಐದು ಮಂದಿ ಮುಂದುವರಿದರು.

ಹಾಗೆಯೇ ಯಾರಿಗೆ ಬೇಡ ಅನ್ನುವುದೂ ತಿಳಿಯಿತು. ಎರಡು ರೂಮಿನ ಮನೆಯಲ್ಲಿ ತಿಂಗಳಿಗೆ ಹತ್ತು ಬುಕಿಂಗ್ ಬಂದರೆ ಅವರು ನೆನಪಿನಲ್ಲೇ ಲೆಕ್ಕ ಇಡಬಲ್ಲರು. ಅವರಿಗೆ ನನ್ನ ಶುಲ್ಕ ಭಾರ. ದೊಡ್ಡ ರೆಸಾರ್ಟಿಗೆ ಸ್ವಂತ ಅಕೌಂಟೆಂಟ್ ಇರುತ್ತಾರೆ. ನನ್ನ ಜಾಗ ನಡುವಿನದು. ಆರರಿಂದ ಇಪ್ಪತ್ತು ರೂಮು, ಎರಡಕ್ಕಿಂತ ಹೆಚ್ಚು ಆ್ಯಪ್, ಮನೆಯವರೇ ನಡೆಸುವುದು. ಅಂಥವು ಜಿಲ್ಲೆಯಲ್ಲಿ ಎಷ್ಟಿವೆ ಅಂತ ಆ್ಯಪ್‌ಗಳಲ್ಲಿ ಊರೂರು ಹುಡುಕಿ ಪಟ್ಟಿ ಮಾಡಿದೆ. ನನಗೆ ಬೇಕಾದ್ದು ಇಪ್ಪತ್ತು, ಪಟ್ಟಿಯಲ್ಲಿ ಅದರ ಐದಾರು ಪಟ್ಟು ಬಂತು. ಪಟ್ಟಿಯೇ ಮೂವತ್ತಕ್ಕೆ ಮುಗಿದಿದ್ದರೆ ಬೇರೆ ದಾರಿ ನೋಡುತ್ತಿದ್ದೆ. ಐವರಲ್ಲಿ ಒಬ್ಬರು ಒಪ್ಪುತ್ತಾರೆ ಅಂತ ಆಗಲೇ ಕಂಡಿದ್ದೆನಲ್ಲ.

ತೆರಿಗೆ ಸಲಹೆಗಾರರ ವಿಷಯ ಒಂದು ಹೇಳಬೇಕು. ಶಿರಸಿ ಪೇಟೆಯಲ್ಲಿ ಅವರು ನನಗೆ ಅಡ್ಡ ಅನಿಸಿದ್ದರು. ಇಲ್ಲಿ ಅವರೇ ದಾರಿಯಾದರು. ನಾನು ರಿಟರ್ನ್ ಸಲ್ಲಿಸುವುದಿಲ್ಲ. ಬೇರೆಯವರ ಪರವಾಗಿ ಸಲ್ಲಿಸಲು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿ ಪರೀಕ್ಷೆ ಪಾಸಾಗಬೇಕು, ಅದು ಇನ್ನೊಂದು ದಾರಿ. ನಾನು ಹೊಂದಿಸಿದ ಶೀಟನ್ನು ಪ್ರತಿ ತಿಂಗಳು 7 ನೇ ತಾರೀಖಿಗೆ ಆಯಾ ಹೋಮ್‌ಸ್ಟೇಯವರ ಸಲಹೆಗಾರರಿಗೆ ಕಳಿಸುತ್ತೇನೆ. ಮಾರಾಟದ ವಿವರ ಕೊಡುವ ರಿಟರ್ನ್ ಜಿಎಸ್‌ಟಿಆರ್-1 ರ ಗಡುವು 11 ನೇ ತಾರೀಖು, ಅದಕ್ಕೆ ಮೊದಲು ಅವರಿಗೆ ನೋಡಲು ಸಮಯ ಸಿಗುತ್ತದೆ. ಕುಮಟಾದ ಒಬ್ಬರು ಸಲಹೆಗಾರರು ಮೊದಲ ಶೀಟು ನೋಡಿ ಫೋನ್ ಮಾಡಿ, "ಮೇಡಂ, ಇನ್ನೂ ಇಬ್ಬರು ಇದ್ದಾರೆ, ಅವರದ್ದೂ ಹೀಗೇ ಮಾಡಿ ಕೊಡ್ತೀರಾ?" ಅಂದರು. ಅವರಿಗೆ ಬೇಡವಾದ ಕೆಲಸವೇ ನನ್ನ ಕೆಲಸವಾಗಿತ್ತು.

ಮಳೆಗಾಲದ ಲೆಕ್ಕ

ಎಂಟು ರೂಮಿನ ಮನೆಗೆ ಮೊದಲ ತಿಂಗಳು ಏಳು ಗಂಟೆ ಹಿಡಿಯುತ್ತದೆ, ಆಮೇಲೆ ನಾಲ್ಕು ಗಂಟೆ. ತಿಂಗಳಿಗೆ 2,500 ಅಂತ ಇಟ್ಟೆ. ಹದಿಮೂರು ಮಂದಿ ಸಿಕ್ಕರೆ ಹಳೆಯ ಸಂಬಳ ಬಂತು ಅಂತ ನನ್ನ ಮೊದಲ ಲೆಕ್ಕ. ಆ ಲೆಕ್ಕ ಜೂನ್ ತಿಂಗಳಲ್ಲಿ ಬಿತ್ತು. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಟಾರ್ಪಲ್ ಕಟ್ಟಿದರು, ಸಮುದ್ರಕ್ಕೆ ಇಳಿಯುವಂತಿಲ್ಲ, ಬುಕಿಂಗ್ ಇಲ್ಲ. ಐದರಲ್ಲಿ ಮೂವರು ಫೋನ್ ಮಾಡಿ, "ತಂಗಿ, ಈಗ ಬೇಡ, ದಸರಾಕ್ಕೆ ನೋಡುವಾ" ಅಂದರು. ಅವರ ಮಾತು ನ್ಯಾಯವಾಗಿತ್ತು. ಒಂದು ಕಸುಬಿಗೆ ಕೆಲಸ ಮಾಡುವಾಗ ಆ ಕಸುಬಿನ ಮಳೆಗಾಲ ನಮ್ಮದೂ ಆಗುತ್ತದೆ. ನಾನು ಆಗ ಇನ್ನೂ ಸಂಬಳದಲ್ಲಿದ್ದೆ, ಅದಕ್ಕೇ ಇದು ಪಾಠವಾಗಿ ಉಳಿಯಿತು, ಸಾಲವಾಗಲಿಲ್ಲ. ಒಂದು ಪೂರ್ತಿ ವರ್ಷದ ಏರಿಳಿತ ನೋಡದೆ ರಾಜೀನಾಮೆ ಬರೆಯಬೇಡಿ ಅಂತ ನಾನು ಹೇಳುವುದು ಈ ಜೂನ್ ತಿಂಗಳನ್ನು ನೆನೆದು.

ಹೊಸ ಲೆಕ್ಕ ಹೀಗಾಯಿತು. ಅಕ್ಟೋಬರಿನಿಂದ ಮೇವರೆಗೆ ಎಂಟು ತಿಂಗಳು 2,500, ಮಳೆಯ ನಾಲ್ಕು ತಿಂಗಳು 1,000. ವರ್ಷಕ್ಕೆ 24,000, ಅಂದರೆ ತಿಂಗಳಿಗೆ ಸರಾಸರಿ ಎರಡೇ ಸಾವಿರ. ಹಳೆಯ ಸಂಬಳಕ್ಕೆ ಹದಿನಾರು ಮಂದಿ ಬೇಕು. ಪಿಎಫ್ ಇಲ್ಲ, ರಜೆಗೆ ದುಡ್ಡಿಲ್ಲ, ಬಸ್ಸು, ಇಂಟರ್ನೆಟ್, ಲ್ಯಾಪ್‌ಟಾಪ್ ಎಲ್ಲ ನನ್ನದೇ. ಅದನ್ನೂ ಸೇರಿಸಿ ತಿಂಗಳಿಗೆ ಮೂವತ್ತೆಂಟು ಸಾವಿರ ಬಂದರೆ ಮಾತ್ರ ಹಳೆಯ ಸಂಬಳಕ್ಕೆ ಸಮ. ಅದಕ್ಕೆ ಹತ್ತೊಂಬತ್ತು ಮಂದಿ. ಮಳೆಗಾಲದ ತೂತು ಮುಚ್ಚಲು ಘಟ್ಟದ ಮೇಲಿನ ಹೋಮ್‌ಸ್ಟೇಗಳನ್ನು ಹುಡುಕಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆ, ಜಲಪಾತ ನೋಡಲು ಶನಿವಾರ ಭಾನುವಾರ ಜನ ಬರುತ್ತಾರೆ. ಕರಾವಳಿ ಖಾಲಿಯಾದಾಗ ಇಲ್ಲಿ ರೂಮು ತುಂಬುತ್ತದೆ. ಮಳೆ ಜೋರಾಗಿ ಜಲಪಾತಕ್ಕೆ ಹೋಗುವುದನ್ನು ನಿಲ್ಲಿಸಿದ ವಾರಗಳಲ್ಲಿ ಇಲ್ಲೂ ಖಾಲಿಯೇ. ಆದರೂ ಎರಡು ಕಡೆಯ ಕೆಲಸ ಒಂದಕ್ಕೊಂದು ಸ್ವಲ್ಪ ಆಧಾರ ಆಗುತ್ತದೆ.

ಇದೆಲ್ಲ ಸಂಬಳದಲ್ಲಿದ್ದಾಗಲೇ ಮಾಡುವಾಗ ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಿದ್ದೆ. ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಅಂತ ಅದರಲ್ಲಿ ಒಂದು ಸಾಲು ಇತ್ತು. ಮಾಲೀಕರ ಹತ್ತಿರ ಹೋಗಿ ಭಾನುವಾರದ ಕೆಲಸ, ಬೇರೆ ಕಸುಬು ಅಂತ ಹೇಳಿ ಒಪ್ಪಿಗೆ ಬರೆಸಿಕೊಂಡೆ. ಮುಚ್ಚಿಟ್ಟು ಮಾಡಿದ್ದರೆ ಆ ಹತ್ತು ತಿಂಗಳು ನಿದ್ದೆ ಬರುತ್ತಿರಲಿಲ್ಲ.

ಕೆಲಸ ಬಿಟ್ಟದ್ದು ಒಂಬತ್ತು ಮಂದಿ ಮೂರು ತಿಂಗಳು ಸತತ ದುಡ್ಡು ಕೊಟ್ಟ ಮೇಲೆ, ಕೈಯಲ್ಲಿ ಆರು ತಿಂಗಳ ಮನೆ ಖರ್ಚು ಇಟ್ಟುಕೊಂಡು. ಈಗ ಹದಿನಾಲ್ಕು ಆಗಿದ್ದಾರೆ. ಹತ್ತೊಂಬತ್ತಕ್ಕೆ ಇನ್ನೂ ಐದು ಬೇಕು. ಸದ್ಯಕ್ಕೆ ಆ ಕೊರತೆಯನ್ನು ಹಳೆಯ ಲೆಕ್ಕ ಹೊಂದಿಸುವ ಕೆಲಸ ತುಂಬುತ್ತಿದೆ. ಆರು ತಿಂಗಳ ಹಿಂದಿನ ಬುಕಿಂಗ್ ಎಲ್ಲ ಒಮ್ಮೆ ನೋಡಿ ಕೊಡಲು 6,000 ತೆಗೆದುಕೊಳ್ಳುತ್ತೇನೆ. ಹೊಸಬರು ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಎರಡು ರೂಮಿನವರ ವಿಷಯ ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಹೋದ ವಾರ ಕುಮಟಾ ಹತ್ತಿರದ ಒಬ್ಬರು ಅಕ್ಕ ಫೋನ್ ಮಾಡಿ, "ನಮ್ಮದೂ ನೋಡ್ತೀರಾ? ಎರಡೇ ರೂಮು, 2,500 ಕೊಡ್ಲಿಕ್ಕೆ ಆಗೂದಿಲ್ಲ" ಅಂದರು. ತಿಂಗಳ ಕೆಲಸಕ್ಕೆ ಒಪ್ಪಿಕೊಳ್ಳಲಿಲ್ಲ. ಆ ಶೀಟನ್ನು ಅವರ ಸೂತ್ರಕ್ಕೆ ಬದಲಿಸಿ, ಯಾವ ಕಾಲಮ್ಮಿನಲ್ಲಿ ಏನು ಬರೆಯಬೇಕು ಅಂತ ಕನ್ನಡದಲ್ಲಿ ಹಾಕಿ ಕಳಿಸಿದ್ದೇನೆ. ಭಾನುವಾರ ಹೋಗಿ ಒಂದು ಗಂಟೆ ಕೂತು ಕಲಿಸಿಕೊಡಬೇಕು.